ಲಿಮಿಟ್ ಆರ್ಡರ್ ಹಾಕಿದರೂ ಟೇಕರ್ ಶುಲ್ಕ ಯಾಕೆ?

ಪ್ರಶ್ನೆ: ಬೆಳಿಗ್ಗೆ ವೈಟ್‌ಫೀಲ್ಡ್ ಮೆಟ್ರೋದಲ್ಲಿ ಹೋಗ್ತಾ ದಿನಾ ₹50,000ದ ಕ್ರಿಪ್ಟೋ ತಗೊಂಡು ಸಂಜೆ ಮಾರ್ತೀನಿ. ಲಿಮಿಟ್ ಆರ್ಡರೇ ಹಾಕೋದು. ಆದ್ರೂ ಟೇಕರ್ ಶುಲ್ಕ ಯಾಕೆ ಬೀಳ್ತಿದೆ?

ಉತ್ತರ: ಆರ್ಡರಿನ ಹೆಸರು ಲಿಮಿಟ್ ಆದ ಮಾತ್ರಕ್ಕೆ ನೀವು ಮೇಕರ್ ಆಗುವುದಿಲ್ಲ. ನಿಮ್ಮ ಆರ್ಡರ್ ಪಟ್ಟಿಯಲ್ಲಿ ಕಾದು ಕೂತು, ಬೇರೆಯವರು ಬಂದು ಅದನ್ನು ಎತ್ತಿಕೊಂಡರೆ ಮಾತ್ರ ಮೇಕರ್. ಮಾರುವವರ ಅತಿ ಕಡಿಮೆ ಬೆಲೆ ₹100.20 ಇರುವಾಗ ನೀವು ₹100.50ಕ್ಕೆ ಕೊಳ್ಳುವ ಲಿಮಿಟ್ ಹಾಕಿದರೆ ಅದು ತಕ್ಷಣ ₹100.20ಕ್ಕೇ ಹೊಂದಿಕೊಳ್ಳುತ್ತದೆ, ಅಲ್ಲಿಗೆ ನೀವು ಟೇಕರ್. ₹100.10ಕ್ಕೆ ಹಾಕಿದ್ದರೆ ಕಾಯುತ್ತಿತ್ತು.

ಟೇಕರ್ 0.2%, ಮೇಕರ್ 0.1% ಅಂದುಕೊಳ್ಳಿ. ₹50,000ಕ್ಕೆ ಟೇಕರ್ ಶುಲ್ಕ ₹100, ಅದರ ಮೇಲೆ 18% ಜಿಎಸ್‌ಟಿ ಸೇರಿ ₹118. ಕೊಂಡು ಮಾರಿದರೆ ₹236. ತಿಂಗಳಿಗೆ 20 ದಿನವಾದರೆ ₹4,720, ಅಂದರೆ ಬಂಡವಾಳದ 9.44%. ಬೆಲೆ ಅಲ್ಲಾಡದಿದ್ದರೂ ಇಷ್ಟು ಹೋಗುತ್ತದೆ. ಎರಡೂ ಕಡೆ ಮೇಕರ್ ಆಗಿದ್ದರೆ ಇದರ ಅರ್ಧ.

ಆರ್ಡರ್ ಪುಟದಲ್ಲಿ Post Only ಇದ್ದರೆ ಆನ್ ಮಾಡಿ. ತಕ್ಷಣ ಹೊಂದುವಂಥ ಆರ್ಡರನ್ನು ಅದು ರದ್ದು ಮಾಡುತ್ತದೆ, ಟೇಕರ್ ಆಗಲು ಬಿಡುವುದಿಲ್ಲ. ತೊಂದರೆಯೂ ಇದೆ: ಬೆಲೆ ಮೇಲೆ ಓಡಿದರೆ ನಿಮ್ಮ ಆರ್ಡರ್ ಹಿಂದೆಯೇ ಉಳಿಯುತ್ತದೆ. ನಷ್ಟ ತಡೆಯಲು ಬೇಗ ಹೊರಬರಬೇಕಾದಾಗ ಮಾತ್ರ ಇದನ್ನು ನೆಚ್ಚಬೇಡಿ, ಟೇಕರ್ ಶುಲ್ಕ ಕೊಟ್ಟೇ ಹೊರಬನ್ನಿ.

ಮಾರುವಾಗ ಕಡಿತವಾಗುವ 1% ಟಿಡಿಎಸ್ ಶುಲ್ಕವಲ್ಲ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ದಿನಕ್ಕೆ ಸುಮಾರು ₹500ರಂತೆ 20 ದಿನಕ್ಕೆ ₹10,000 ಅಲ್ಲಿಯವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ.