0.89 ಬರಬೇಕಾದಲ್ಲಿ 0.83 ಹೇಗೆ ಬಂತು?

ಪ್ರಶ್ನೆ: ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಕೊಟ್ಟು ನೋಡಿದ ಬ್ರಿಟನ್ನಿನ ರಿಕವರಿ ಟ್ರಯಲ್ ಪ್ರಬಂಧ ಓದುತ್ತಿದ್ದೇನೆ. ಔಷಧ ಪಡೆದವರ ಗುಂಪಿನಲ್ಲಿ ಸಾವು 22.9%, ಉಳಿದವರಲ್ಲಿ 25.7%. ಭಾಗಿಸಿದರೆ 0.89 ಬರುತ್ತದೆ. ಪ್ರಬಂಧದಲ್ಲಿ 0.83 ಎಂದಿದೆ. ಮೆಥಡ್ಸ್ ಭಾಗ ಓದಿದರೂ ಅರ್ಥವಾಗಲಿಲ್ಲ. ನಾನು ಸ್ಟ್ಯಾಟಿಸ್ಟಿಕ್ಸ್ ಕಲಿತಿಲ್ಲ. – ಬಿಎಸ್‌ಸಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಅವರು ಹಾಕಿದ್ದು ಬೇರೆ ಲೆಕ್ಕ. ಮೆಥಡ್ಸ್‌ನಲ್ಲಿ ‘ವಯಸ್ಸಿಗೆ ಸರಿಹೊಂದಿಸಿದೆವು’ ಎಂಬ ಅರ್ಥದ ಮಾತಿದೆ ನೋಡಿ. ಗುಟ್ಟು ಹೆಚ್ಚಾಗಿ ಇರುವುದು ಅಲ್ಲೇ.

ಯಾರಿಗೆ ಔಷಧ, ಯಾರಿಗೆ ಬೇಡ ಎಂದು ನಿರ್ಧರಿಸಿದ್ದು ವೈದ್ಯರಲ್ಲ, ಕಂಪ್ಯೂಟರಿನ ಚೀಟಿ. 2,104 ಜನ ಔಷಧದ ಗುಂಪಿಗೆ, 4,321 ಜನ ಮಾಮೂಲಿ ಚಿಕಿತ್ಸೆಗೆ ಬಂದರು. ಚೀಟಿ ಎತ್ತಿದರೆ ಎರಡೂ ಕಡೆ ಸುಮಾರಾಗಿ ಒಂದೇ ಥರದ ಜನ ಬರುತ್ತಾರೆ. ಸುಮಾರಾಗಿ ಅಷ್ಟೇ! ಇಲ್ಲಿ ಔಷಧದ ಗುಂಪಿನ ಸರಾಸರಿ ವಯಸ್ಸು 1.1 ವರ್ಷ ಜಾಸ್ತಿ ಆಯಿತು. ಕೋವಿಡ್‌ನಲ್ಲಿ ವಯಸ್ಸಾದಷ್ಟೂ ಸಾವಿನ ಅಪಾಯ ಹೆಚ್ಚು. ಹಾಗಾಗಿ ಔಷಧ ಶುರುವಿನಲ್ಲೇ ಸ್ವಲ್ಪ ಹಿಂದೆ ಬಿದ್ದಿತ್ತು.

ಇದರಿಂದ ಏನಾಗುತ್ತದೆ ಎಂದು ಕಲ್ಪನೆಯ ಲೆಕ್ಕವೊಂದರಲ್ಲಿ ನೋಡೋಣ. ಔಷಧವಿಲ್ಲದೆ ಕಿರಿಯರಲ್ಲಿ 10%, ಹಿರಿಯರಲ್ಲಿ 40% ಸಾಯುತ್ತಾರೆ. ಔಷಧ ಕೊಟ್ಟರೆ 8% ಮತ್ತು 32%. ಎರಡೂ ವಯಸ್ಸಿನಲ್ಲಿ ಅನುಪಾತ 0.80. ಈಗ ಔಷಧದ ಗುಂಪಿನಲ್ಲಿ 50 ಕಿರಿಯರು, 50 ಹಿರಿಯರು ಇದ್ದಾರೆ ಎನ್ನಿ. ಸಾವು 4 ಮತ್ತು 16, ಒಟ್ಟು 20. ಇನ್ನೊಂದು ಗುಂಪಿನಲ್ಲಿ 60 ಕಿರಿಯರು, 40 ಹಿರಿಯರು. ಸಾವು 6 ಮತ್ತು 16, ಒಟ್ಟು 22. ಸುಮ್ನೆ 20ನ್ನು 22ರಿಂದ ಭಾಗಿಸಿದರೆ 0.91! ಔಷಧದ ಗುಣ ಅರ್ಧಕ್ಕರ್ಧ ಮರೆಯಾಯಿತು, ಅಲ್ವಾ? ಕಿರಿಯರನ್ನು ಕಿರಿಯರ ಜೊತೆ, ಹಿರಿಯರನ್ನು ಹಿರಿಯರ ಜೊತೆ ಹೋಲಿಸಿದರೆ ಮತ್ತೆ 0.80 ಸಿಗುತ್ತದೆ. ರಿಕವರಿಯವರು ಮಾಡಿದ್ದು ಇದನ್ನೇ. 70ರ ಒಳಗಿನವರು, 70ರಿಂದ 79, 80 ಮತ್ತು ಮೇಲೆ ಎಂದು ಮೂರು ಗುಂಪು ಮಾಡಿ ಲೆಕ್ಕ ಹಾಕಿದರು. ಜೊತೆಗೆ 28 ದಿನಗಳಲ್ಲಿ ಎಷ್ಟು ಜನ ಸತ್ತರು ಎಂಬುದನ್ನಷ್ಟೇ ಅಲ್ಲ, ಎಷ್ಟನೇ ದಿನ ಸತ್ತರು ಎಂಬುದನ್ನೂ ಗಣನೆಗೆ ತೆಗೆದುಕೊಂಡರು. 0.83 ಅನ್ನು ‘ರೇಟ್ ರೇಶಿಯೋ’ ಎನ್ನುವುದು ಅದಕ್ಕೇ.

ನಾನು ಅಡಿಗೆರೆ ಎಳೆಯುವ ವಾಕ್ಯ ಇನ್ನೊಂದಿದೆ. ವಯಸ್ಸಿನ ಈ ಹೊಂದಿಕೆ, ಲೆಕ್ಕ ಹೇಗೆ ಹಾಕಬೇಕೆಂದು ಮುಂಚೆಯೇ ಬರೆದಿಡುವ ವಿಶ್ಲೇಷಣಾ ಯೋಜನೆಯ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ಗುಂಪುಗಳ ವಯಸ್ಸಿನಲ್ಲಿ ವ್ಯತ್ಯಾಸ ಕಂಡ ಮೇಲೆ ಸೇರಿಸಿದೆವು ಎಂದು ಅವರೇ ಬರೆದಿದ್ದಾರೆ. ಇಂಥದ್ದು ಕಂಡರೆ ಅನುಮಾನ ಪಡಬೇಕು. ಬೇಕಾದ ಫಲಿತಾಂಶ ಬರುವವರೆಗೆ ಲೆಕ್ಕ ಬದಲಿಸುವವರೂ ಇದ್ದಾರೆ. ಇಲ್ಲಿ ನನಗೆ ಒಪ್ಪಿಗೆಯಾಗಲು ಕಾರಣ ಎರಡು. ವಯಸ್ಸು ಔಷಧ ಕೊಡುವ ಮೊದಲೇ ಇದ್ದದ್ದು, ಔಷಧದಿಂದ ಬದಲಾಗುವಂಥದ್ದಲ್ಲ. ಮತ್ತೆ, ಹೊಂದಿಸದ ಲೆಕ್ಕವನ್ನೂ ಅವರು ಮುಚ್ಚಿಟ್ಟಿಲ್ಲ, ಪ್ರಬಂಧದ ಅನುಬಂಧದಲ್ಲಿ ಕೊಟ್ಟಿದ್ದಾರೆ. ಅದನ್ನು ತೆರೆದು 0.83ರ ಪಕ್ಕಕ್ಕೆ ಇಟ್ಟು ನೋಡಿ.