ಕೇಬಲ್ ಬಾಕ್ಸ್‌ನಲ್ಲಿ ನೋಡಿದ್ದನ್ನೂ ಟಿವಿ ಗುರುತಿಸುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್‌ಜಿ ಸ್ಮಾರ್ಟ್ ಟಿವಿ ಇದೆ. ಸೆಟ್ಟಿಂಗ್ಸ್‌ನಲ್ಲಿ "Limit Ad Tracking" ಆನ್ ಮಾಡಿದ್ದೇನೆ. ನಾವು ಹೆಚ್ಚಾಗಿ ಕೇಬಲ್ ಬಾಕ್ಸ್‌ನಲ್ಲೇ ನೋಡುತ್ತೇವೆ, ಆ್ಯಪ್ ತೆರೆಯುವುದು ಕಡಿಮೆ. ಇನ್ನು ನಮ್ಮ ಮಾಹಿತಿ ಹೋಗುವುದಿಲ್ಲ ಅಲ್ಲವೇ?

ಅಷ್ಟು ಸಾಲದು. ನೀವು ಮಾಡಿರುವುದು ಸರಿಯಾದ ಕೆಲಸವೇ, ಆದರೆ ಅದು ಎರಡರಲ್ಲಿ ಒಂದು ಮಾತ್ರ. "Limit Ad Tracking" ಆನ್ ಆದಾಗ, ನಿಮ್ಮ ಟಿವಿಗೆ ಇರುವ ಜಾಹೀರಾತು ಗುರುತಿನ ಸಂಖ್ಯೆಯನ್ನು ಬಳಸಿ ನಿಮ್ಮ ಅಭಿರುಚಿಗೆ ಹೊಂದುವ ಜಾಹೀರಾತು ತೋರಿಸುವುದಕ್ಕೆ ಮಿತಿ ಬೀಳುತ್ತದೆ. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸುವ ವ್ಯವಸ್ಥೆ ಬೇರೆಯೇ ಇದೆ. ಅದಕ್ಕೆ ಬೇರೆ ಗುಂಡಿಯೂ ಇದೆ. ಕೇಬಲ್ ಬಾಕ್ಸ್ ನೋಡುವವರಿಗೆ ಮುಖ್ಯವಾದದ್ದು ಈ ಎರಡನೆಯದು.

ಇದನ್ನು ಎಸಿಆರ್ ಎನ್ನುತ್ತಾರೆ, ಎಂದರೆ ಪರದೆಯ ಕಾರ್ಯಕ್ರಮವನ್ನು ತಾನಾಗಿಯೇ ಗುರುತಿಸುವ ತಂತ್ರ. ಟಿವಿಯು ಆಗಾಗ ಪರದೆಯ ಚಿತ್ರದಿಂದ ಅಥವಾ ಧ್ವನಿಯಿಂದ ಒಂದು ಚಿಕ್ಕ ಗುರುತನ್ನು ತಯಾರಿಸಿ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಮೊದಲೇ ಸಂಗ್ರಹಿಸಿಟ್ಟ ಚಾನೆಲ್, ಸಿನಿಮಾ, ಜಾಹೀರಾತುಗಳ ಗುರುತುಗಳೊಂದಿಗೆ ಅದನ್ನು ಹೋಲಿಸಿ, ಈ ಮನೆಯಲ್ಲಿ ಈ ಹೊತ್ತಿಗೆ ಇಂಥದ್ದು ನೋಡುತ್ತಿದ್ದಾರೆ ಎಂದು ತಿಳಿದುಕೊಳ್ಳುತ್ತಾರೆ. ಹೆಬ್ಬೆರಳ ಗುರುತಿನಿಂದ ವ್ಯಕ್ತಿಯನ್ನು ಪತ್ತೆ ಮಾಡಿದ ಹಾಗೆ. ಇಡೀ ಚಿತ್ರವನ್ನು ಕಳಿಸುವ ಅಗತ್ಯವೇ ಇರುವುದಿಲ್ಲ. ಪರದೆಯ ಮೇಲೆ ಬಂದದ್ದನ್ನು ನೋಡಿ ಗುರುತು ಹಿಡಿಯುವುದರಿಂದ, ಅದು ಆ್ಯಪ್‌ನಿಂದ ಬಂತೋ ಎಚ್‌ಡಿಎಂಐ ತಂತಿಯಿಂದ ಬಂತೋ ಎಂಬುದು ಈ ತಂತ್ರಕ್ಕೆ ಅಡ್ಡಿಯಲ್ಲ. ಬ್ರಿಟನ್ ಮತ್ತು ಅಮೆರಿಕದಲ್ಲಿ ಎಲ್‌ಜಿ ಹಾಗೂ ಸ್ಯಾಮ್‌ಸಂಗ್ ಟಿವಿಗಳನ್ನು ಪರೀಕ್ಷಿಸಿ 2024ರಲ್ಲಿ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಎಲ್‌ಜಿ ಟಿವಿ ಸುಮಾರು 15 ಸೆಕೆಂಡಿಗೊಮ್ಮೆ, ಸ್ಯಾಮ್‌ಸಂಗ್ ನಿಮಿಷಕ್ಕೊಮ್ಮೆ ಈ ಗುರುತುಗಳನ್ನು ಕಳಿಸುತ್ತಿದ್ದವು. ಎಚ್‌ಡಿಎಂಐ ಮೂಲಕ ಹೊರಗಿನ ಸಾಧನ ಜೋಡಿಸಿದಾಗಲೂ ಅದು ನಡೆಯುತ್ತಿತ್ತು. ನೆಟ್‌ಫ್ಲಿಕ್ಸ್‌ನಂಥ ಆ್ಯಪ್ ನೋಡುವಾಗ ಮಾತ್ರ ಅಷ್ಟಾಗಿ ಕಾಣಲಿಲ್ಲ. ಆ್ಯಪ್ ತೆರೆಯದೆ ಕೇಬಲ್ ನೋಡುವುದೇ ಸುರಕ್ಷಿತ ಎಂದು ನಮ್ಮ ಕಡೆ ಬಹಳ ಮಂದಿ ನಂಬಿದ್ದಾರೆ. ಈ ವಿಷಯದಲ್ಲಿ ಸಂಗತಿ ಅದಕ್ಕೆ ತದ್ವಿರುದ್ಧ.

ಸಮಾಧಾನದ ಮಾತೆಂದರೆ, ಅದೇ ಅಧ್ಯಯನದಲ್ಲಿ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆಗಳನ್ನು ಹಿಂತೆಗೆದುಕೊಂಡ ಮೇಲೆ ಆ ಸರ್ವರ್‌ಗಳ ಜೊತೆಗಿನ ಸಂಪರ್ಕವೇ ನಿಂತುಹೋಯಿತು. ಗುಂಡಿ ಕೆಲಸ ಮಾಡುತ್ತದೆ. ಅದನ್ನು ಹುಡುಕಿ ಒತ್ತಬೇಕು, ಅಷ್ಟೆ.

ನಿಮ್ಮ ಟಿವಿಯಲ್ಲಿ ಆ ಗುಂಡಿಯ ಹೆಸರು "Live Plus". ಹಲವು ಮಾದರಿಗಳಲ್ಲಿ "All Settings", "General", "System", "Additional Settings" ಎಂಬ ದಾರಿಯಲ್ಲಿ ಅದು ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: "Limit Ad Tracking" ಆನ್ ಇರಬೇಕು, "Live Plus" ಆಫ್ ಇರಬೇಕು. ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸಿಬಿಟ್ಟರೆ ಒಂದು ತಪ್ಪಾಗುವುದು ಖಚಿತ. ಇದಾದ ಮೇಲೆ "User Agreements" ಎಂಬ ಪುಟವನ್ನು ತೆರೆದು, "Viewing Information" ಮತ್ತು ಆಸಕ್ತಿ ಆಧಾರಿತ ಜಾಹೀರಾತಿನ ಒಪ್ಪಂದಗಳ ಮುಂದಿನ ಗುರುತನ್ನು ತೆಗೆಯಿರಿ. ಧ್ವನಿಯ ಒಪ್ಪಂದವನ್ನೂ ತೆಗೆದರೆ ರಿಮೋಟ್‌ಗೆ ಮಾತಾಡಿ ಹುಡುಕುವ ಸೌಲಭ್ಯ ಹೋಗುತ್ತದೆ. ಅದು ನಿಮಗೆ ಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಿ. ಸ್ಯಾಮ್‌ಸಂಗ್ ಟಿವಿ ಇರುವವರು "Terms & Privacy" ಒಳಗೆ "Viewing Information Services" ಎಂಬುದನ್ನು ಹುಡುಕಬೇಕು. ಗೂಗಲ್ ಟಿವಿಯಲ್ಲಿ "Privacy" ಒಳಗಿನ "Ads" ಪುಟದಲ್ಲಿ ಜಾಹೀರಾತು ಗುರುತನ್ನು ಅಳಿಸಬಹುದಾದರೂ, ತಯಾರಕರು ಸೇರಿಸಿರುವ ಗುರುತಿಸುವ ಸೇವೆ ಬೇರೆ ಕಡೆ ಇರಬಹುದು. ಕೆಲವು ಸೋನಿ ಟಿವಿಗಳಲ್ಲಿ ಅದು "Samba Interactive TV" ಎಂಬ ಹೆಸರಿನಲ್ಲಿದೆ.

ನಾನು ಇದನ್ನು ಕಲಿತದ್ದು ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ. ಅವರದು ಬೇರೊಂದು ಕಂಪನಿಯ ಟಿವಿ. ಜೋಡಿಸಲು ಬಂದ ಹುಡುಗ "ಎಲ್ಲಾ ಅಗ್ರೀ ಕೊಟ್ಟೀನ್ರೀ ಅಕ್ಕಾರ, ಇನ್ನ ಆರಾಮ ನೋಡ್ರಿ" ಎಂದು ಹೇಳಿ ಹೋಗಿದ್ದ. ಸಂಜೆಯ ಹೊತ್ತು ಅಕ್ಕ ಕೇಬಲ್‌ನಲ್ಲಿ ಧಾರಾವಾಹಿ ನೋಡುತ್ತಿದ್ದರು. ರಾತ್ರಿ ಅಳಿಯ ತನ್ನ ಲ್ಯಾಪ್‌ಟಾಪನ್ನು ಅದೇ ಟಿವಿಗೆ ಜೋಡಿಸಿ ಪರೀಕ್ಷೆಯ ಪಾಠಗಳನ್ನು ನೋಡುತ್ತಿದ್ದ. ನಾನು ಒಂದು ಹಳೆಯ ಕಂಪ್ಯೂಟರಿನಲ್ಲಿ ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಹಾಕಿ, ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ವಿಳಾಸದ ಜಾಗದಲ್ಲಿ ಆ ಕಂಪ್ಯೂಟರಿನ ವಿಳಾಸ ಕೊಟ್ಟೆ. ಹೀಗೆ ಮಾಡಿದರೆ ಟಿವಿ ಯಾವ ಯಾವ ಸರ್ವರ್‌ಗಳ ಹೆಸರು ಕೇಳುತ್ತಿದೆ ಎಂಬುದು ಕಂಪ್ಯೂಟರಿನಲ್ಲಿ ಸಾಲಾಗಿ ಕಾಣುತ್ತದೆ. ಕೇಬಲ್ ಚಾನೆಲ್ ಹಚ್ಚಿ ಅರ್ಧ ಗಂಟೆ ಬಿಟ್ಟೆವು. ಯಾವ ಆ್ಯಪ್ ಕೂಡ ತೆರೆದಿರಲಿಲ್ಲ. ಆದರೂ ಹೆಸರಿನಲ್ಲಿ "acr" ಎಂಬ ಅಕ್ಷರಗಳಿದ್ದ ಸರ್ವರ್ ಮತ್ತೆ ಮತ್ತೆ ಬಂತು. ನೋಡುವ ಮಾಹಿತಿಯ ಒಪ್ಪಿಗೆಯನ್ನು ತೆಗೆದು, ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲೇ ಆರಿಸಿ ಹಚ್ಚಿದ ಮೇಲೆ ಅರ್ಧ ಗಂಟೆ ಕಾದರೂ ಆ ಹೆಸರು ಬರಲಿಲ್ಲ. ತಂತ್ರಾಂಶದ ಅಪ್‌ಡೇಟ್, ಮುಖಪುಟದ ಚಿತ್ರಗಳು ಮುಂತಾದವುಗಳ ಹೆಸರುಗಳು ಮುಂದುವರಿದವು, ಅದು ಸಹಜ. ಹೆಸರು ಎಷ್ಟು ಸಲ ಬಂತು ಎಂದು ಎಣಿಸಿ ಮಾಹಿತಿ ಅಷ್ಟೇ ಸಲ ಹೋಯಿತು ಎನ್ನಲಾಗದು, ಏಕೆಂದರೆ ಒಮ್ಮೆ ಕೇಳಿದ ವಿಳಾಸವನ್ನು ಟಿವಿ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಬಂತೋ ಇಲ್ಲವೋ ಎಂಬುದನ್ನಷ್ಟೇ ನೋಡಬೇಕು.

ಎರಡು ತಿಂಗಳ ನಂತರ ನೋಡಿದಾಗ ಅದು ಮತ್ತೆ ಆನ್ ಆಗಿತ್ತು. ವಿಚಾರಿಸಿದಾಗ ತಿಳಿದದ್ದೆಂದರೆ, ಒಂದು ಅಪ್‌ಡೇಟ್ ಆದ ಮೇಲೆ ಹೊಸ ಒಪ್ಪಂದದ ಪುಟ ಬಂದಿತ್ತು, ಧಾರಾವಾಹಿ ತಪ್ಪುತ್ತದೆಂಬ ಅವಸರದಲ್ಲಿ ಮನೆಯವರು ಎಲ್ಲಕ್ಕೂ ಒಪ್ಪಿಗೆ ಎಂಬ ದೊಡ್ಡ ಗುಂಡಿಯನ್ನು ಒತ್ತಿದ್ದರು. ಆದ್ದರಿಂದ ಅಂಥ ಪುಟ ಬಂದಾಗ ಕಡ್ಡಾಯವೆಂದು ಬರೆದಿರುವ ಒಪ್ಪಂದಕ್ಕೆ ಮಾತ್ರ ಗುರುತು ಹಾಕಿ ಮುಂದುವರಿಯಲು ಮನೆಯ ಎಲ್ಲರಿಗೂ ತೋರಿಸಿಕೊಡಿ.

ಇಷ್ಟು ಮಾಡಿದರೂ ಜಾಹೀರಾತುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಟಿವಿಯ ಮುಖಪುಟದಲ್ಲಿ ಅವು ಇದ್ದೇ ಇರುತ್ತವೆ, ನಿಮ್ಮನ್ನು ನೋಡಿ ಆರಿಸಿದ್ದಾಗಿರುವುದಿಲ್ಲ, ಅಷ್ಟೆ. ಯೂಟ್ಯೂಬ್‌ಗೆ ಲಾಗಿನ್ ಆಗಿ ನೋಡಿದ್ದು ನಿಮ್ಮ ಗೂಗಲ್ ಖಾತೆಯಲ್ಲಿ ದಾಖಲಾಗುತ್ತದೆ. ಅದನ್ನು ಆ ಖಾತೆಯಲ್ಲೇ ನಿಲ್ಲಿಸಬೇಕು. ಈಗಾಗಲೇ ಹೋಗಿರುವ ಮಾಹಿತಿಯೂ ಈ ಗುಂಡಿಯಿಂದ ಅಳಿಯುವುದಿಲ್ಲ. ಅದು ಚಿಕ್ಕ ಮಾತಲ್ಲ: ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಪಡೆದು ಇತರರಿಗೆ ಮಾರಿತು ಎಂಬ ಆರೋಪದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಟಿವಿಯೂ ನಿಮ್ಮ ಫೋನೂ ಮನೆಯ ಒಂದೇ ವೈಫೈನಿಂದ ಒಂದೇ ಇಂಟರ್ನೆಟ್ ವಿಳಾಸದಲ್ಲಿ ಹೊರಹೋಗುವುದರಿಂದ, ಟಿವಿಯಲ್ಲಿ ನೋಡಿದ್ದನ್ನು ಫೋನಿನ ಜಾಹೀರಾತಿಗೆ ಜೋಡಿಸುವುದು ಸಾಧ್ಯವಾಗುತ್ತದೆ.

ನೀವು ಆ್ಯಪ್ ತೆರೆಯುವುದೇ ಅಪರೂಪ ಎಂದಿದ್ದೀರಿ. ಹಾಗಾದರೆ ಇನ್ನೂ ಸರಳವಾದ ದಾರಿಯೊಂದಿದೆ. ನಮ್ಮ ಅವ್ವನ ಕೋಣೆಯ ಟಿವಿಯಲ್ಲಿ ನಾನು ವೈಫೈ ಹೆಸರನ್ನೇ ಅಳಿಸಿಬಿಟ್ಟಿದ್ದೇನೆ. ಇಂಟರ್ನೆಟ್ ಇಲ್ಲದೆ ಗುರುತು ಹೊರಗೆ ಹೋಗಲಾರದು, ಕೇಬಲ್ ಬಾಕ್ಸ್‌ಗೆ ಅದರ ಅಗತ್ಯವೂ ಇಲ್ಲ. ಆರು ತಿಂಗಳಿಗೊಮ್ಮೆ ಫೋನಿನ ಹಾಟ್‌ಸ್ಪಾಟ್‌ನಿಂದ ಅಪ್‌ಡೇಟ್ ಮಾಡಿ, ಒಪ್ಪಂದದ ಪುಟವನ್ನು ನೋಡಿ, ಮತ್ತೆ ತೆಗೆದುಬಿಡುತ್ತೇನೆ.