ಗೇಟ್‌ನಿಂದ ಕಟಿಂಗ್ ಟೇಬಲ್‌ವರೆಗಿನ ನಾಲ್ಕು ದಿನ

*ಸಂಪಾದಕರಿಗೆ ನಮಸ್ಕಾರ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಶಿಪ್‌ಮೆಂಟ್ ತಪ್ಪಿದಾಗಲೆಲ್ಲ ಮರ್ಚಂಡೈಸಿಂಗ್‌ನವರು ‘ಬಟ್ಟೆ ಸಮಯಕ್ಕೆ ತರಿಸಿಕೊಟ್ಟಿದ್ದೇವೆ, ಪ್ರೊಡಕ್ಷನ್‌ನವರದೇ ನಿಧಾನ’ ಅಂತಾರೆ. ಪ್ರೊಡಕ್ಷನ್‌ನವರು ‘ಬಟ್ಟೆ ಬಂದಿದ್ದೇ ತಡ’ ಅಂತಾರೆ. ಇಬ್ಬರ ಮೇಲೂ ನನಗೆ ಅಧಿಕಾರವಿಲ್ಲ. ಏನು ಮಾಡಲಿ?*
*— ಹೆಸರು ಬೇಡ, ಬೆಂಗಳೂರು*

ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹುಡುಕಲು ಹೋಗಬೇಡಿ. ಇಂಥ ಜಗಳದಲ್ಲಿ ಬಹುಮಟ್ಟಿಗೆ ಇಬ್ಬರ ಮಾತೂ ನಿಜವೇ ಆಗಿರುತ್ತದೆ. ಹೇಗೆಂದು ಒಂದು ಲೆಕ್ಕ ಹಾಕಿ ನೋಡೋಣ.

12,000 ಶರ್ಟ್‌ಗಳ ಆರ್ಡರ್, 30ರಂದು ಕಾರ್ಖಾನೆಯಿಂದ ಹೊರಡಬೇಕು ಎಂದಿಟ್ಟುಕೊಳ್ಳಿ. ಎರಡು ಲೈನ್, ಒಂದೊಂದರಲ್ಲಿ ದಿನಕ್ಕೆ 500 ಪೀಸ್ ಅಂದರೆ 12 ದಿನದ ಹೊಲಿಗೆ. ಹೊಸ ಸ್ಟೈಲ್‌ಗೆ ಕೈ ಕೂರುವವರೆಗೆ ಲೈನ್ ನಿಧಾನವಾಗಿಯೇ ಓಡುವುದರಿಂದ 14 ಅನ್ನಿ. ಹೊಲಿಗೆಗೆ ಮೊದಲು ಕಟಿಂಗ್‌ಗೆ 3 ದಿನ, ಆಮೇಲೆ ಫಿನಿಶಿಂಗ್, ಪ್ಯಾಕಿಂಗ್, ಕೊನೆಯ ಇನ್‌ಸ್ಪೆಕ್ಷನ್‌ಗೆ 3 ದಿನ ಸೇರಿಸಿದರೆ ಒಟ್ಟು 20 ಕೆಲಸದ ದಿನ. ಭಾನುವಾರಗಳನ್ನು ಕಳೆದು ಹಿಂದಕ್ಕೆ ಎಣಿಸಿದರೆ 7ನೇ ತಾರೀಖು ಗುರುವಾರ ಕಟಿಂಗ್ ಶುರುವಾಗಬೇಕು.

ಬಟ್ಟೆ 5ನೇ ತಾರೀಖು ಮಂಗಳವಾರ ಬಂತು. ಮರ್ಚಂಡೈಸರ್‌ಗೆ ಸಮಾಧಾನ, ಎರಡು ದಿನ ಮೊದಲೇ ಬಂದಿದೆಯಲ್ಲ! ಆದರೆ ಲಾರಿಯಿಂದ ಇಳಿದ ಥಾನನ್ನು ನೇರವಾಗಿ ಕಟಿಂಗ್ ಟೇಬಲ್ ಮೇಲೆ ಹಾಸುವ ಹಾಗಿಲ್ಲ. ಬುಧವಾರ, ಗುರುವಾರ ರೋಲ್‌ಗಳ ಪರೀಕ್ಷೆ ಮತ್ತು ಶೇಡ್ ವಿಂಗಡಣೆ. ಶುಕ್ರವಾರ ತುಂಡು ಒಗೆದು, ಒಣಗಿಸಿ, ಶ್ರಿಂಕೇಜ್ ಅಳೆಯುವುದು. ಶನಿವಾರ ಅದಕ್ಕೆ ತಕ್ಕಂತೆ ಪ್ಯಾಟರ್ನ್ ತಿದ್ದುವುದು. ಭಾನುವಾರ ಕಳೆದು ಕತ್ತರಿ ಬಿದ್ದದ್ದು 11ರಂದು ಸೋಮವಾರ. ಅಲ್ಲಿಗೆ ಮೂರು ಕೆಲಸದ ದಿನ ಹೋಯಿತು, ಶಿಪ್‌ಮೆಂಟ್ ಮುಂದಿನ ತಿಂಗಳಿಗೆ ಜಾರಿತು. ಮರ್ಚಂಡೈಸಿಂಗ್‌ನವರು ಹಿಡಿದಿರುವುದು ಗೇಟ್ ರಿಜಿಸ್ಟರ್‌ನ ತಾರೀಖು, ಪ್ರೊಡಕ್ಷನ್‌ನವರು ಹಿಡಿದಿರುವುದು ಕಟಿಂಗ್‌ನ ತಾರೀಖು. ನಡುವಿನ ನಾಲ್ಕು ದಿನ ಯಾರ ಲೆಕ್ಕದಲ್ಲೂ ಇಲ್ಲ.

ಈ ಕೆಲಸಗಳನ್ನು ಹಾರಿಸಿಬಿಡಿ ಎಂದು ಮಾತ್ರ ಯಾರನ್ನೂ ಒತ್ತಾಯಿಸಬೇಡಿ. ಶ್ರಿಂಕೇಜ್ ನೋಡದೆ ಕತ್ತರಿಸಿದ ಶರ್ಟ್ ಒಗೆದ ಮೇಲೆ ಅಳತೆ ತಪ್ಪುತ್ತದೆ. ಶೇಡ್ ಬೇರ್ಪಡಿಸದಿದ್ದರೆ ತೋಳೊಂದು ಬಣ್ಣ, ಮೈಯೊಂದು ಬಣ್ಣ. ಆಗ ತಡವಾಗುವುದಷ್ಟೇ ಅಲ್ಲ, ಮಾಲೇ ವಾಪಸ್ ಬರುತ್ತದೆ.

ಹಾಗಾಗಿ ಮೊದಲು ಇತ್ತೀಚೆಗೆ ತಪ್ಪಿದ ಒಂದೇ ಒಂದು ಆರ್ಡರ್ ಆರಿಸಿಕೊಳ್ಳಿ. ಗೇಟ್ ರಿಜಿಸ್ಟರ್, ಇನ್‌ಸ್ಪೆಕ್ಷನ್ ರಿಪೋರ್ಟ್, ಶ್ರಿಂಕೇಜ್ ರಿಪೋರ್ಟ್, ಕಟಿಂಗ್ ರಿಪೋರ್ಟ್‌ಗಳಿಂದ ತಾರೀಖುಗಳನ್ನಷ್ಟೇ ಎತ್ತಿ ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಯಾರ ಹೆಸರೂ ಬೇಡ, ‘ತಡ’ ಎಂಬ ಮಾತೂ ಬೇಡ. ಅದನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ಬಿಚ್ಚಬೇಡಿ, ಎಲ್ಲರಿಗೂ ಕಾಪಿ ಹಾಕಿ ಮೇಲ್ ಕಳಿಸಲೂಬೇಡಿ. ಹತ್ತು ಜನರ ಮುಂದೆ ಯಾರೂ ಸೋಲೊಪ್ಪುವುದಿಲ್ಲ. ಇಬ್ಬರು ಮುಖ್ಯಸ್ಥರ ಹತ್ತಿರವೂ ಬೇರೆಬೇರೆಯಾಗಿ ಹೋಗಿ, ‘ಈ ತಾರೀಖುಗಳು ಸರಿಯಿವೆಯಾ ಸಾರ್, ನೋಡಿಕೊಡಿ’ ಎಂದು ಕೇಳಿ. ತಾವೇ ತಿದ್ದಿದ ಹಾಳೆಯ ಮೇಲೆ ಆಮೇಲೆ ಅವರು ಜಗಳವಾಡುವುದು ಕಷ್ಟ.

ಮುಂದಿನ ಆರ್ಡರ್‌ನ ಪ್ಲಾನ್‌ನಲ್ಲಿ ಬಟ್ಟೆಗೆ ಎರಡು ತಾರೀಖು ಇಡಿ. ಒಂದು ಗೇಟ್‌ಗೆ ಬರುವುದು, ಇನ್ನೊಂದು ಕಟಿಂಗ್‌ಗೆ ಸಿದ್ಧವಾಗುವುದು. ನಮ್ಮ ಲೆಕ್ಕದಲ್ಲಿ 7ಕ್ಕೆ ಕಟಿಂಗ್ ಆಗಬೇಕಾದರೆ ಲಾರಿ 1ನೇ ತಾರೀಖು ಶುಕ್ರವಾರವೇ ಬರಬೇಕು. ನಡುವಿನ ನಾಲ್ಕು ದಿನಕ್ಕೆ ಒಬ್ಬ ಯಜಮಾನ ಬೇಕು, ಫ್ಯಾಬ್ರಿಕ್ ಸ್ಟೋರ್ ಅಥವಾ ಕ್ವಾಲಿಟಿಯ ಒಬ್ಬರು ‘ಕಟಿಂಗ್‌ಗೆ ಸಿದ್ಧ’ ಎಂದು ಸಹಿ ಹಾಕಲಿ. ಆ ಹೊಣೆಯನ್ನು ಕೊಡುವ ಅಧಿಕಾರ ಫ್ಯಾಕ್ಟರಿ ಮ್ಯಾನೇಜರ್‌ಗೆ ಮಾತ್ರ ಇರುತ್ತದೆ. ಅವರನ್ನು ಕೇಳಬೇಕಾದದ್ದು ಇದೊಂದನ್ನೇ.

ಇನ್ನೊಂದು ಕಾಯಿಲೆ ಸುಳಿವು ಮುಚ್ಚಿಡುವುದು. ಮಿಲ್‌ನವರು ಅರ್ಧ ಬಟ್ಟೆ ಮಾತ್ರ ಕಳಿಸುತ್ತಾರೆಂದು ಮರ್ಚಂಡೈಸರ್‌ಗೆ ಮೊದಲೇ ಗೊತ್ತಿರುತ್ತದೆ. ಹಿಂದಿನ ಸ್ಟೈಲ್ ಮುಗಿಯದೆ ಲೈನ್ ಖಾಲಿಯಾಗುವುದಿಲ್ಲವೆಂದು ಪ್ರೊಡಕ್ಷನ್‌ಗೂ ಗೊತ್ತಿರುತ್ತದೆ. ಮೊದಲು ಬಾಯಿಬಿಟ್ಟವರ ತಲೆಗೆ ತಪ್ಪು ಕಟ್ಟುವುದರಿಂದ ಇಬ್ಬರೂ ಸುಮ್ಮನಿರುತ್ತಾರೆ. ಕಟಿಂಗ್‌ಗೆ ಎರಡು ವಾರ ಇರುವಾಗಲೇ ನೀವಾಗಿ ಇಬ್ಬರನ್ನೂ ಕೇಳಿ. ಅರ್ಧ ಬಟ್ಟೆಯೇ ಬರುವುದಾದರೆ ಒಂದು ಲೈನನ್ನಾದರೂ ಶುರು ಮಾಡಬಹುದು, ಬಯರ್ ಹತ್ತಿರ ಎರಡು ಕಂತಿನ ಶಿಪ್‌ಮೆಂಟ್‌ಗೆ ಒಪ್ಪಿಗೆ ಕೇಳಬಹುದು. ಅದೇ ಸುದ್ದಿ 6ನೇ ತಾರೀಖಿಗೆ ಬಂದರೆ ಉಳಿಯುವುದು ಓವರ್‌ಟೈಮ್ ಅಥವಾ ವಿಮಾನದ ಬಾಡಿಗೆ.

ಇಷ್ಟೆಲ್ಲ ಮಾಡಿದರೂ ಸರಿಹೋಗದ ಆರ್ಡರ್‌ಗಳಿವೆ. ಬಯರ್‌ಗೆ ಮಾತು ಕೊಟ್ಟ ದಿನವೇ 20 ಕೆಲಸದ ದಿನಕ್ಕೆ ಜಾಗವಿಲ್ಲದಿದ್ದರೆ ಅದು ಈ ಎರಡು ವಿಭಾಗಗಳ ತಪ್ಪೇ ಅಲ್ಲ. ಆಗ ಲೆಕ್ಕದ ಹಾಳೆ ಹಿಡಿದು ಮ್ಯಾನೇಜರ್ ಬಳಿ ಹೋಗಿ. ಸುಮ್ಮನಿದ್ದರೆ ಕಳೆದುಹೋದ ಮೂರು ದಿನ ಕೊನೆಗೆ ಗಂಟೆಯ ಟಾರ್ಗೆಟ್ ಆಗಿ ಹೊಲಿಗೆ ಲೈನ್‌ನ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಬಟ್ಟೆ ತಡವಾಗಿದ್ದರಲ್ಲಿ ಅವರ ಪಾಲು ಏನೂ ಇಲ್ಲ. ಓವರ್‌ಟೈಮ್ ಅನಿವಾರ್ಯವೇ ಆದರೆ ಕಾನೂನಿನಂತೆ ದುಪ್ಪಟ್ಟು ಕೂಲಿ ಕೊಡಬೇಕು. ಆ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆದು ತೋರಿಸಿ.

— ಸಂಪಾದಕ